ಕೊನೆಯ ಸ್ಲೈಡ್ ಮೊದಲು ಮಾಡಿ

ಇನ್‌ಸ್ಟಾಗ್ರಾಮಿನಲ್ಲಿ ಒಂದೇ ಪೋಸ್ಟಿಗೆ ಹಲವು ಚಿತ್ರ ಹಾಕುವ ಸೌಲಭ್ಯ ಬಂದದ್ದು 2017ರಲ್ಲಿ. ಆಗ ಹತ್ತು ಚಿತ್ರಗಳ ಮಿತಿಯಿತ್ತು, 2024ರಲ್ಲಿ ಅದು ಇಪ್ಪತ್ತಾಯಿತು. ಬೆರಳಿನಿಂದ ಸರಿಸುತ್ತಾ ನೋಡುವ ಈ ಸಾಲಿಗೆ ಕ್ಯಾರೊಸೆಲ್ ಎನ್ನುತ್ತಾರೆ. ಮನೆಯಲ್ಲೇ ಉಪ್ಪಿನಕಾಯಿ, ಸೋಪು, ಸೀರೆ ಮಾರುವವರು ಹೊಸ ಸರಕನ್ನು ಪರಿಚಯಿಸಲು ಹೆಚ್ಚಾಗಿ ನೆಚ್ಚಿಕೊಂಡಿರುವುದು ಇದನ್ನೇ. ಮೊದಲ ಚಿತ್ರ ಕುತೂಹಲ ಹುಟ್ಟಿಸುವ ಟೀಸರ್, ನಡುವಿನವು ಸರಕಿನ ಗುಣಗಳು, ಕೊನೆಯದು ಆಫರ್. ಇಪ್ಪತ್ತಕ್ಕೆ ಅವಕಾಶವಿದೆಯೆಂದು ಇಪ್ಪತ್ತನ್ನೂ ತುಂಬಬೇಕಿಲ್ಲ, ಆರೇಳು ಸಾಕು.

ರಾಗಿ ಹುರಿಹಿಟ್ಟು ಮಾರುವ ಒಂದು ಸಣ್ಣ ಮನೆ ಉದ್ಯಮವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅರ್ಧ ಕಿಲೋ ಪೊಟ್ಟಣದ ಎಂಆರ್‌ಪಿ 180 ರೂಪಾಯಿ. ಹೆಚ್ಚಿನವರು ಮೊದಲ ಚಿತ್ರಕ್ಕೆ ದಿನಗಟ್ಟಲೆ ತಲೆಕೆಡಿಸಿಕೊಂಡು, ಆಫರ್ ಸ್ಲೈಡನ್ನು ಕೊನೆಯ ಗಳಿಗೆಯಲ್ಲಿ ಗೀಚಿ ಹಾಕುತ್ತಾರೆ. ನನ್ನ ಸಲಹೆ ಇದಕ್ಕೆ ತಿರುಗಾಮುರುಗಾ: ಮೊದಲು ಆಫರ್ ಬರೆಯಿರಿ. ಅದು ಲೆಕ್ಕದ ವಿಷಯ, ಚಿತ್ರದ್ದಲ್ಲ.

ಎರಡು ಪೊಟ್ಟಣಕ್ಕೆ 299 ಎಂದು ಘೋಷಿಸಿದಿರಿ ಅನ್ನಿ. 360ರ ಮಾಲು, 61 ರೂಪಾಯಿ ಉಳಿತಾಯ. ಆದರೆ ಕೊರಿಯರಿಗೆ 60 ಬೇರೆ ಎಂದು ಹಣ ಕಟ್ಟುವಾಗ ಗೊತ್ತಾದರೆ ಕೊಳ್ಳುವವರಿಗೆ ಉಳಿದದ್ದು ಒಂದು ರೂಪಾಯಿ. ಅಲ್ಲಿಗೆ ಅವರು ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಕೊರಿಯರ್ ನಿಮ್ಮದೇ ಎಂದಿರಾ? ಪೊಟ್ಟಣವೊಂದಕ್ಕೆ 90 ರೂಪಾಯಿ ಅಸಲು ಬಿದ್ದಿದ್ದರೆ ಎರಡಕ್ಕೆ 180, ಡಬ್ಬಿಗೆ 20, ಕೊರಿಯರಿಗೆ 60. ಒಟ್ಟು 260 ಕಳೆದು ನಿಮ್ಮ ಕೈಯಲ್ಲಿ ನಿಲ್ಲುವುದು 39. ಇದು ಗಿಟ್ಟುತ್ತದೆಯೇ ಎಂದು ಈಗಲೇ ತೀರ್ಮಾನಿಸಿ. ಗಿಟ್ಟುವುದಾದರೆ ಸ್ಲೈಡಿನ ಮೇಲೆ ಬೆಲೆ, ಕೊರಿಯರ್ ಸೇರಿದೆಯೇ ಇಲ್ಲವೇ, ಕೊನೆಯ ದಿನಾಂಕ, ಆರ್ಡರ್ ಮಾಡುವ ದಾರಿ, ಇಷ್ಟು ಇರಲಿ. ‘ಕೆಲವೇ ದಿನ ಮಾತ್ರ’ ಎನ್ನುವುದು ದಿನಾಂಕವಲ್ಲ. ಚಿತ್ರದ ಮೇಲೆ ಅಚ್ಚಾದ ವೆಬ್ ವಿಳಾಸವನ್ನು ಒತ್ತಿದರೆ ಏನೂ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಲಿಂಕ್ ಬಯೋದಲ್ಲಿದೆ ಎಂದೋ, ‘ಹಿಟ್ಟು’ ಎಂದು ಮೆಸೇಜ್ ಮಾಡಿ ಎಂದೋ ಹೇಳಬೇಕು.

ಮಾಲು ಐವತ್ತೇ ಪೊಟ್ಟಣ ಇದ್ದರೆ ಅದನ್ನೂ ಬರೆಯಿರಿ. ತಪ್ಪು ದಾರಿಗೆಳೆಯುವ ಜಾಹೀರಾತುಗಳ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ದಾಸ್ತಾನು ಕಡಿಮೆ ಇದ್ದರೆ ಅದನ್ನು ಜಾಹೀರಾತಿನಲ್ಲೇ ಸ್ಪಷ್ಟವಾಗಿ ತಿಳಿಸಬೇಕೆನ್ನುತ್ತದೆ. ಕಡಿಮೆ ಬೆಲೆ ತೋರಿಸಿ ಕರೆದು ಮಾಲೇ ಇಲ್ಲ ಎನ್ನುವುದಕ್ಕೆ ಅಲ್ಲಿ ಆಸ್ಪದವಿಲ್ಲ.

ಇನ್ನು ಟೀಸರ್. ಸಿನಿಮಾದವರ ಹಾಗೆ ಕಪ್ಪು ಪರದೆಯ ಮೇಲೆ ‘ಏನೋ ಬರುತ್ತಿದೆ...’ ಎಂದು ಬರೆದರೆ ಯಾರೂ ನಿಲ್ಲುವುದಿಲ್ಲ, ಏಕೆಂದರೆ ನೀವು ಯಾರೆಂದೇ ಅವರಿಗೆ ಗೊತ್ತಿಲ್ಲ. ಬಾಣಲೆಯಲ್ಲಿ ರಾಗಿ ಅರಳುತ್ತಿರುವ ಹತ್ತಿರದ ಚಿತ್ರ ತೆಗೆದು, ‘ಬಿಸಿ ಮರಳಿಗೆ ಬಿದ್ದ ರಾಗಿ ಏನಾಗುತ್ತದೆ?’ ಎಂದು ಕೇಳಿ. ಚಿತ್ರವನ್ನು ಎರಡು ಸ್ಲೈಡಿನಷ್ಟು ಅಗಲವಾಗಿ, ಅಂದರೆ 2160 x 1350 ಪಿಕ್ಸೆಲಿನಲ್ಲಿ ಮಾಡಿಕೊಂಡು ನಡುವೆ ಕತ್ತರಿಸಿದರೆ ಬಾಣಲೆಯ ಅರ್ಧ ಮೊದಲನೆಯದರಲ್ಲೂ ಉಳಿದರ್ಧ ಎರಡನೆಯದರಲ್ಲೂ ಬರುತ್ತದೆ. ತುಂಡಾದ ಬಾಣಲೆ ಕಂಡರೆ ಬೆರಳು ತಾನಾಗಿ ಸರಿಯುತ್ತದೆ. ಅಕ್ಷರಗಳು ಮಾತ್ರ ಆ ಗಡಿಯ ಮೇಲೆ ಬರದಿರಲಿ.

ಎರಡನೆಯ ಸ್ಲೈಡಿಗೆ ಇನ್ನೊಂದು ಹೊಣೆಯೂ ಇದೆ. ಮೊದಲ ಚಿತ್ರ ನೋಡಿ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಅದೇ ಪೋಸ್ಟನ್ನು ಎರಡನೆಯ ಚಿತ್ರದಿಂದ ಮತ್ತೊಮ್ಮೆ ತೋರಿಸುವುದುಂಟು. ಹಾಗಾಗಿ ಉತ್ತರವೂ ಸರಕಿನ ಹೆಸರೂ ಅಲ್ಲೇ ಇರಬೇಕು: ನೆನೆಸಿ, ಅರಳಿಸಿ, ಬೀಸಿದ ರಾಗಿ ಹುರಿಹಿಟ್ಟು.

ಮುಂದಿನ ಮೂರು ಸ್ಲೈಡುಗಳಲ್ಲಿ ಒಂದೊಂದಕ್ಕೆ ಒಂದೇ ಮಾತು. ಏನೇನು ಸೇರಿಸಿದ್ದೀರಿ, ಹೇಗೆ ತಿನ್ನಬೇಕು, ಪೊಟ್ಟಣ ಎಷ್ಟು ದೊಡ್ಡದು. ‘ಪೌಷ್ಟಿಕ, ರುಚಿಕರ, ಸಾಂಪ್ರದಾಯಿಕ’ ಎಂಬ ಮೂರು ಪದ ಯಾವ ಹಿಟ್ಟಿಗೂ ಅಂಟಿಸಬಹುದು. ‘ಮಜ್ಜಿಗೆಗೆ ಮೂರು ಚಮಚ ಹಾಕಿ ಕಲಸಿ, ಒಲೆ ಹಚ್ಚುವುದು ಬೇಡ’ ಎಂಬುದು ಹುರಿಹಿಟ್ಟಿಗೆ ಮಾತ್ರ ಒಪ್ಪುತ್ತದೆ, ಆಫೀಸಿಗೆ ಓಡುವವರಿಗೆ ಬೇಕಾದದ್ದೂ ಅದೇ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಮಾತ್ರ ಬರೆಯಬೇಡಿ. ರೋಗ ಗುಣಪಡಿಸುತ್ತದೆಂದು ಆಹಾರ ಮಾರುವುದನ್ನು ಎಫ್‌ಎಸ್‌ಎಸ್‌ಎಐ ನಿಯಮ ಒಪ್ಪುವುದಿಲ್ಲ.

ಎಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಲ್ಲ, ಫೋನಿನಲ್ಲೇ ಒಮ್ಮೆ ನೋಡಿ. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಕಲಸಿಹೋಗುತ್ತವೆ. ಕೈ ಚಾಚಿ ಹಿಡಿದಾಗ ಓದಲಾಗದಿದ್ದರೆ ಅಕ್ಷರ ದೊಡ್ಡದು ಮಾಡಿ, ಇಲ್ಲವೇ ಮಾತು ಕಡಿಮೆ ಮಾಡಿ.

ಆಫರಿನ ಗಡುವು ದಾಟಿದ ಮೇಲೂ ಪೋಸ್ಟ್ ತಿರುಗುತ್ತಲೇ ಇರುತ್ತದೆ. ತಿಂಗಳ ನಂತರ ಯಾರೋ 299ಕ್ಕೇ ಕೊಡಿ ಎಂದು ಜಗಳಕ್ಕೆ ಬರುತ್ತಾರೆ. ಅದಕ್ಕಾಗಿ ಪೋಸ್ಟನ್ನೇ ಅಳಿಸಬೇಕಿಲ್ಲ. ಮೂರು ಚುಕ್ಕೆ ಒತ್ತಿ, ಎಡಿಟ್‌ಗೆ ಹೋಗಿ, ಆಫರ್ ಸ್ಲೈಡಿನ ಮೇಲಿರುವ ಕಸದ ಬುಟ್ಟಿಯ ಗುರುತು ಒತ್ತಿದರೆ ಅದೊಂದೇ ಹೋಗುತ್ತದೆ, ಲೈಕು ಕಾಮೆಂಟುಗಳು ಉಳಿಯುತ್ತವೆ. ಕ್ಯಾಪ್ಷನ್‌ನಲ್ಲಿ ಬರೆದ ಬೆಲೆಯನ್ನೂ ಅದೇ ದಿನ ತಿದ್ದಿಬಿಡಿ.