ಲಾಭವಿದೆ, ದುಡ್ಡೆಲ್ಲಿ?

ಒಂದು ಸೀರೆ ಸಗಟು ಅಂಗಡಿ ಎಂದಿಟ್ಟುಕೊಳ್ಳಿ. ವರ್ಷದ ಲಾಭ 12 ಲಕ್ಷ. ಬ್ಯಾಂಕಿನಲ್ಲಿ ಮಾತ್ರ 5 ಲಕ್ಷ ಕರಗಿದೆ. ಯಾರೂ ಕದ್ದಿಲ್ಲ.

ನಗದು ಹರಿವಿನ ಪಟ್ಟಿ ಲಾಭದಿಂದಲೇ ಶುರುವಾಗುತ್ತದೆ. ಸವಕಳಿಯ 2 ಲಕ್ಷ ಪುಸ್ತಕದಲ್ಲಷ್ಟೇ ಖರ್ಚು, ಕೈಬಿಟ್ಟು ಹೋದದ್ದಲ್ಲ, ಕೂಡಿಸಿದರೆ 14. ಗುಟ್ಟಿರುವುದು ಮುಂದಿನ ಸಾಲಿನಲ್ಲಿ: ಗಿರಾಕಿಗಳ ಬಾಕಿ 11 ಲಕ್ಷ ಏರಿದೆ. ಬಿಲ್ ಬರೆದಾಗಲೇ ಲಾಭ ಲೆಕ್ಕಕ್ಕೆ ಸೇರಿತು, ದುಡ್ಡು ಇನ್ನೂ ಉದ್ರಿಯಲ್ಲೇ ಇದೆ. ದಾಸ್ತಾನೂ 6 ಲಕ್ಷ ಹೆಚ್ಚಿದೆ. ನೇಕಾರರಿಗೆ ಕೊಡಬೇಕಾದದ್ದು 1 ಲಕ್ಷ ಬೆಳೆದದ್ದರಿಂದ ಅಷ್ಟು ಸದ್ಯಕ್ಕೆ ಉಳಿಯಿತು. ಅಂತೂ ವ್ಯಾಪಾರದಲ್ಲೇ 2 ಲಕ್ಷ ಕೊರತೆ.

ಉಳಿದ 3 ಲಕ್ಷ ಸಾಲದ ಅಸಲಿಗೆ ಕಟ್ಟಿದ್ದು. ಲಾಭ-ನಷ್ಟದ ಪಟ್ಟಿಯಲ್ಲಿ ಬಡ್ಡಿಗಷ್ಟೇ ಜಾಗ, ಅಸಲು ಅಲ್ಲಿ ಕಾಣುವುದೇ ಇಲ್ಲ.

ಮಾರಾಟ ಅಷ್ಟೇ ಇದ್ದು ಬಾಕಿ ಮಾತ್ರ ಬೆಳೆದಿದ್ದರೆ, ಉದ್ರಿ ಪುಸ್ತಕದಲ್ಲಿ ಹಳೆಯ ಹೆಸರುಗಳನ್ನು ಹುಡುಕಿ.