ವಿರಹವೆಲ್ಲಿ ಮುಗಿದು ಶೋಕವೆಲ್ಲಿ ತೊಡಗುತ್ತದೆ?

ಶೃಂಗಾರವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು ಉಪವನ, ಬೆಳುದಿಂಗಳು, ನಗುಮುಖದ ದಂಪತಿಗಳು. ಪ್ರೇಮಿಗಳು ಹೀಗೆ ಕೂಡಿರುವಾಗಿನ ರಸವನ್ನು ಆಲಂಕಾರಿಕರು ಸಂಭೋಗ ಶೃಂಗಾರವೆಂದರು. ಆದರೆ ಅಗಲಿ ಕೊರಗುವುದನ್ನೂ ಅವರು ಶೃಂಗಾರದಲ್ಲಿಯೇ ಸೇರಿಸಿ, ವಿಪ್ರಲಂಭವೆಂದು ಹೆಸರಿಟ್ಟರು. ಅಳುವವನನ್ನು ಶೃಂಗಾರದ ಮನೆಯಲ್ಲಿ ಕೂರಿಸುವುದೇಕೆ? ಅಳುವಿಗೆಂದು ಕರುಣರಸ ಬೇರೆಯೇ ಇದೆಯಲ್ಲ?

ಈ ಸಂದೇಹ ಭರತಮುನಿಗೇ ಬಂದಿತ್ತು. ಚಿಂತೆ, ಬಳಲಿಕೆ, ನಿದ್ದೆಗೇಡು, ಬೇಸರ ಇವೆಲ್ಲ ವಿರಹಿಗೂ ಉಂಟು, ಸತ್ತವರಿಗಾಗಿ ದುಃಖಿಸುವವನಿಗೂ ಉಂಟು. ಕಣ್ಣೀರನ್ನು ನೋಡಿ ಇದು ಯಾವ ರಸವೆಂದು ಹೇಳಲಾಗದು. ನಾಟ್ಯಶಾಸ್ತ್ರದಲ್ಲಿ ಅವನು ಕೊಡುವ ಉತ್ತರ ಬಹು ಚಿಕ್ಕದು: ವಿಪ್ರಲಂಭ ಸಾಪೇಕ್ಷ, ಕರುಣ ನಿರಪೇಕ್ಷ. ಮತ್ತೆ ಕೂಡುವ ನಿರೀಕ್ಷೆ ಉಳಿದಿದ್ದರೆ ಒಳಗಿರುವುದು ರತಿ, ಅದು ಶೃಂಗಾರ. ನಿರೀಕ್ಷೆ ಅಳಿಸಿಹೋದರೆ ಉಳಿಯುವುದು ಶೋಕ, ಅದು ಕರುಣ.

ಕಾಳಿದಾಸನಿಂದ ಎರಡು ನಿದರ್ಶನಗಳನ್ನು ತೆಗೆದುಕೊಳ್ಳೋಣ. ಮೇಘದೂತದ ಯಕ್ಷನಿಗೆ ಒಂದು ವರ್ಷದ ಶಾಪ. ರಾಮಗಿರಿಯಲ್ಲಿ ಎಂಟು ತಿಂಗಳು ಕಳೆದಿವೆ, ಇನ್ನು ನಾಲ್ಕು ಉಳಿದಿವೆ. ಅವನು ಎಷ್ಟು ಸೊರಗಿದ್ದಾನೆಂದರೆ ಕೈಬಳೆ ಜಾರಿ ಬಿದ್ದಿದೆ. ಆದರೂ ಅವನು ದಿನ ಎಣಿಸಬಲ್ಲ. ಮೋಡದ ಕೈಯಲ್ಲಿ ಹೆಂಡತಿಗೆ ಸಂದೇಶ ಕಳುಹಿಸಬಲ್ಲ. ಇದು ಪ್ರವಾಸ ವಿಪ್ರಲಂಭ. ಪ್ರವಾಸಕ್ಕೆ ಶಾಪವೊಂದೇ ಕಾರಣವಲ್ಲ; ಕಾರ್ಯನಿಮಿತ್ತವಾದ ಪ್ರವಾಸವನ್ನೂ ಶಾಸ್ತ್ರಕಾರರು ಹೇಳಿದ್ದಾರೆ. ಸಂಸಾರವನ್ನು ಊರಿನಲ್ಲಿ ಬಿಟ್ಟು ಮೊದಲು ಒಬ್ಬರೇ ಮುಂಬಯಿಗೋ ಪುಣೆಗೋ ಬಂದಿಳಿದ ನಮ್ಮ ಹಿರಿಯರನ್ನು ಈ ಗುಂಪಿಗೇ ಸೇರಿಸಬೇಕು!

ಇನ್ನು ರಘುವಂಶದ ಅಜ. ಆಕಾಶದಿಂದ ಬಿದ್ದ ಹೂಮಾಲೆಯೊಂದು ತಾಗಿ ಇಂದುಮತಿ ಅವನ ಕಣ್ಣೆದುರೇ ಪ್ರಾಣ ಬಿಡುತ್ತಾಳೆ. ಅವನ ವಿಲಾಪದಲ್ಲಿ ಪ್ರೇಮಕ್ಕೇನೂ ಕೊರತೆಯಿಲ್ಲ; ಯಕ್ಷನಿಗಿಂತ ಒಂದು ಹಿಡಿ ಹೆಚ್ಚೆಂದೇ ನನಗೆ ತೋರುತ್ತದೆ. ಆದರೆ ಅವನು ಸಂದೇಶ ಕಳುಹಿಸುವುದು ಯಾರಿಗೆ? ಎಳೆಯ ಮಗನಿಗಾಗಿ ಎಂಟು ವರ್ಷ ಜೀವ ಹಿಡಿದು, ಕಡೆಗೆ ಗಂಗಾ ಸರಯೂ ಸಂಗಮದಲ್ಲಿ ದೇಹ ಬಿಟ್ಟು, ಸ್ವರ್ಗದಲ್ಲಿ ಅವಳನ್ನು ಸೇರುತ್ತಾನೆ. ಕೊನೆಗೂ ಕೂಡಿದರಲ್ಲ, ಹಾಗಾದರೆ ಇದೂ ವಿಪ್ರಲಂಭವಲ್ಲವೆ ಎಂದು ಕೇಳಬಹುದು. ಸಾಹಿತ್ಯದರ್ಪಣದ ವಿಶ್ವನಾಥನ ನಿಯಮ ಇದನ್ನು ಒಪ್ಪದು. ಬೇರೆ ದೇಹದಲ್ಲಿ ಸಿಕ್ಕರೆ ಲೆಕ್ಕಕ್ಕಿಲ್ಲ. ಇದೇ ದೇಹದಿಂದ ಮತ್ತೆ ಕೂಡಬೇಕು. ಮಾತು ಒರಟಾಗಿ ಕಂಡೀತು. ಆದರೆ ಅಜ ಬಯಸಿದ್ದು ಕಣ್ಣೆದುರಿದ್ದ ಆ ಇಂದುಮತಿಯನ್ನೇ ಅಲ್ಲವೆ?

ಎರಡರ ನಡುವಿನ ಗೆರೆ ನಿಚ್ಚಳವಾಗಿ ಕಾಣುವುದು ಬಾಣನ ಕಾದಂಬರಿಯಲ್ಲಿ. ನಾಗವರ್ಮನ ಕರ್ಣಾಟಕ ಕಾದಂಬರಿಯಿಂದ ಈ ಕಥೆ ಕನ್ನಡಿಗರಿಗೂ ಮನೆಯ ಮಾತೇ. ಅಚ್ಛೋದ ಸರೋವರದ ದಡದಲ್ಲಿ ಗಂಧರ್ವಕನ್ಯೆ ಮಹಾಶ್ವೇತೆ, ಮುನಿಕುಮಾರ ಪುಂಡರೀಕನನ್ನು ಕಂಡು ಮನಸೋಲುತ್ತಾಳೆ. ಅಂದಿನ ರಾತ್ರಿ ಚಂದ್ರೋದಯವಾದ ಮೇಲೆ ಅವನನ್ನು ಕಾಣಲು ಬರುತ್ತಾಳೆ. ವಿರಹತಾಪದಿಂದ ಅವನು ಆಗಲೇ ಸತ್ತಿದ್ದಾನೆ. ಗೆಳೆಯ ಕಪಿಂಜಲ ಗೋಳಾಡುತ್ತಿದ್ದಾನೆ. ಅವಳು ಚಿತೆಯೇರಲು ಹೊರಡುತ್ತಾಳೆ. ಇಲ್ಲಿಯವರೆಗೆ ಇರುವುದು ಕೇವಲ ಕರುಣ.

ಅಷ್ಟರಲ್ಲಿ ಚಂದ್ರಮಂಡಲದಿಂದ ದಿವ್ಯಪುರುಷನೊಬ್ಬನಿಳಿದು ಶವವನ್ನೆತ್ತಿಕೊಳ್ಳುತ್ತಾನೆ. ಪ್ರಾಣ ಬಿಡಬೇಡ, ಇವನೊಡನೆ ನಿನಗೆ ಮತ್ತೆ ಸಮಾಗಮವುಂಟೆಂದು ಹೇಳಿ ಮೇಲೇರುತ್ತಾನೆ. ಆ ಮಾತಿನಿಂದಾಚೆಗೆ ರಸ ಬದಲಾಯಿತು. ಅವಳ ಕಣ್ಣೀರು ನಿಂತಿಲ್ಲ, ಬದಲಿಗೆ ತಪಸ್ಸಿನ ಉಡುಗೆ ಬಂದಿದೆ. ಆದರೂ ಅವಳೀಗ ಕಾಯುತ್ತಿರುವವಳು. ವಿಶ್ವನಾಥ ಇದನ್ನು ಕರುಣ ವಿಪ್ರಲಂಭವೆಂದು ಬೇರೆ ಭೇದವಾಗಿ ಎಣಿಸುತ್ತಾನೆ. ಅವನಿಗಿಂತ ಹಿಂದಿನ ಧನಿಕ, ದಶರೂಪಕದ ವ್ಯಾಖ್ಯಾನದಲ್ಲಿ, ಹೊಸ ಹೆಸರೇ ಬೇಡವೆಂಬಂತೆ, ಆಕಾಶವಾಣಿಗೆ ಮೊದಲು ಕರುಣ, ಅನಂತರ ಪ್ರವಾಸ ಶೃಂಗಾರ ಎಂದುಬಿಡುತ್ತಾನೆ. ಧನಿಕನ ಮಾತೇ ನನಗೆ ಹೆಚ್ಚು ಹಿಡಿಸುತ್ತದೆ. ಸತ್ತವನು ದೂರದೇಶಕ್ಕೆ ಹೋದವನಾಗಲು ಒಂದು ಆಶ್ವಾಸನೆ ಸಾಕಾಯಿತು!

ಆದರೆ ನಿರೀಕ್ಷೆ ಯಾರದಾಗಿರಬೇಕು? ಭವಭೂತಿಯ ಉತ್ತರರಾಮಚರಿತದ ಮೂರನೆಯ ಅಂಕವನ್ನು ನೋಡಿ. ಸೀತೆ ಇಲ್ಲವಾದಳೆಂದೇ ನಂಬಿ ರಾಮ ಪಂಚವಟಿಯಲ್ಲಿ ಮೂರ್ಛೆ ಹೋಗುತ್ತಿದ್ದಾನೆ. ಸೀತೆಯೋ ಅವನಿಗೆ ಕಾಣದಂತೆ ಪಕ್ಕದಲ್ಲೇ ನಿಂತು, ಮುಟ್ಟಿ ಎಚ್ಚರಿಸುತ್ತಾಳೆ. ರಾಮನಿಗೆ ಆಸೆಯಿಲ್ಲ, ಆದ್ದರಿಂದ ಅವನ ಪಾಲಿಗೆ ಕರುಣ. ನೋಡುತ್ತಿರುವ ನಮಗೆ ಅವಳು ಬದುಕಿದ್ದಾಳೆಂದು ಗೊತ್ತು. ಭವಭೂತಿ ತಾನು ಬರೆದದ್ದು ಕರುಣವೆಂದೇ ಆ ಅಂಕದಲ್ಲಿ ತಮಸೆಯ ಬಾಯಿಂದ ಹೇಳಿಸಿದ್ದಾನೆ. ಆದರೆ ಆ ಸ್ಪರ್ಶಕ್ಕೆ ರಾಮ ಕಣ್ಣು ತೆರೆದಾಗ ಸಭೆಯಲ್ಲಿ ಕುಳಿತವರ ಎದೆಯಲ್ಲಿ ಏಳುವುದನ್ನು ಬರಿಯ ಶೋಕವೆನ್ನಲು ಯಾರಿಗಾದರೂ ನಾಲಗೆ ಬಂದೀತೆ?