ಅರ್ಜಿಯ ಮೇಲಣ ಹೆಸರು

2001–02ರಲ್ಲಿ ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋ ನಗರಗಳಲ್ಲಿ ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆ ನಡೆಸಿದರು. ಗುಮಾಸ್ತೆ, ಮಾರಾಟಗಾರ ಮೊದಲಾದ ಹುದ್ದೆಗಳ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿಗಳು ಹೋದವು. ಯೋಗ್ಯತೆಗಳು ಸಮಸಮ, ಮೇಲಣ ಹೆಸರು ಮಾತ್ರ ಭಿನ್ನ. ಎಮಿಲಿ, ಗ್ರೆಗ್ ಎಂಬಂಥ ಬಿಳಿಯರ ಹೆಸರುಗಳಿಗೆ ಸುಮಾರು 10 ಅರ್ಜಿಗೊಂದು ಕರೆ ಬಂದರೆ, ಆಫ್ರಿಕನ್ ಅಮೆರಿಕನ್ನರಲ್ಲಿ ರೂಢವಾದ ಲಕೀಶಾ, ಜಮಾಲ್ ಎಂಬಂಥ ಹೆಸರುಗಳಿಗೆ 15ಕ್ಕೊಂದು ಬಂದಿತು. ಯೋಗ್ಯತೆಯನ್ನು ಹೆಚ್ಚಿಸಿ ಬರೆದಾಗ ಬಿಳಿಯರ ಹೆಸರುಗಳಿಗೆ ಆದಷ್ಟು ಲಾಭ ಉಳಿದವುಗಳಿಗೆ ಆಗಲಿಲ್ಲ. ಹುಸಿಗುರುತು ಕಣ್ಣನ್ನು ಹಿಡಿದರೆ ದಿಟವಾದ ಗುರುತು ಹಿಂದೆ ಬೀಳುತ್ತದೆ.

ಆದುದರಿಂದ ಕಟ್ಟು ಬಿಚ್ಚುವ ಮುನ್ನವೇ ಒರೆಗಲ್ಲನ್ನು ಬರೆದಿಡಬೇಕು. ಲೆಕ್ಕದ ಗುಮಾಸ್ತೆ ಬೇಕೆನ್ನಿ. ದಿನದ ಲೆಕ್ಕ ಬರೆದ ಅನುಭವವುಂಟೆ? ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಿದ್ದುಂಟೆ? ವರ್ಷಾಂತ್ಯದ ಲೆಕ್ಕ ಮುಗಿಸಿದ್ದುಂಟೆ? ಒಂದೊಂದಕ್ಕೂ 2 ಅಂಕ. ಹೆಸರು, ವಿಳಾಸ, ಭಾವಚಿತ್ರಗಳನ್ನು ಬೇರೊಬ್ಬರು ಮುಚ್ಚಿಕೊಡಲಿ. ಎಲ್ಲ ಅರ್ಜಿಗಳಲ್ಲಿಯೂ ಮೊದಲ ಪ್ರಶ್ನೆಯನ್ನು ಮುಗಿಸಿಯೇ ಎರಡನೆಯದಕ್ಕೆ ಹೋಗುವುದು ಲೇಸು. ಹಾಗಾದರೆ ಒಂದರ ಮೆಚ್ಚುಗೆ ಇನ್ನೊಂದರ ಅಂಕಕ್ಕೆ ಹರಿಯದು.

ಇಷ್ಟಾದರೂ ಓದಿದ ಶಾಲೆ, ಸೇರಿದ ಸಂಘಗಳು ಮುಚ್ಚಿದ ಹೆಸರನ್ನು ಹೇಳಿಬಿಡಬಹುದು. ಆಗ ಆರಿಸಿದವರನ್ನು ಕಾರಣ ಕೇಳಬೇಕು. ಉತ್ತರವು ಬರೆದಿಟ್ಟ ಮೂರು ಪ್ರಶ್ನೆಗಳಲ್ಲಿ ಇಲ್ಲದಿದ್ದರೆ, ಆ ಅರ್ಜಿಯನ್ನು ಮತ್ತೆ ಕಟ್ಟಿಗೆ ಸೇರಿಸಿ ಮೊದಲಿನಿಂದ ಓದುವುದೇ ನ್ಯಾಯ.